ಲಗ್ನದಲ್ಲಿ ಕೂತ ಲಿಲಿತ್

'ಇಲ್ಲ' ಎಂಬ ಎರಡಕ್ಷರ ಬಾಯಿಗೆ ಬಾರದ ಒಬ್ಬ ಗಂಡಸು ಮಹಡಿಮನೆಗಳ ಕಟ್ಟಡದಲ್ಲಿದ್ದರೆ, ಆ ಕಟ್ಟಡಕ್ಕೆ ಪ್ರತ್ಯೇಕವಾಗಿ ಉಗ್ರಾಣ ಕಟ್ಟಿಸುವ ಖರ್ಚು ಉಳಿಯುತ್ತದೆ. ನಮ್ಮ ಕಟ್ಟಡಕ್ಕೆ ಹಾಗೆ ಉಳಿದಿತ್ತು. ಎರಡನೇ ಮಹಡಿಯ ಹೂಂರಾಯರ ಮನೆಯಲ್ಲಿ ಕಟ್ಟಡದ ಏಣಿ ಇತ್ತು. ಊರಿಗೆ ಹೋದವರ ಹೂಕುಂಡಗಳಿದ್ದವು. ಮೂರು ಮನೆಗಳ ಎರಡನೇ ಬೀಗದ ಕೈಗಳಿದ್ದವು. ಸಂಘದ ಕಾರ್ಯದರ್ಶಿಗಳ ನಾಯಿ ವಾರದಲ್ಲಿ ನಾಲ್ಕು ದಿನ ಅಲ್ಲೇ ಇರುತ್ತಿತ್ತು. ಉಳಿದ ಮೂರು ದಿನ ತನ್ನ ಮನೆಗೆ ನೆಂಟನಂತೆ ಹೋಗಿ ಬರುತ್ತಿತ್ತು.

ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಯಾರು ಏನು ಕೇಳಿದರೂ, ಕೇಳುವ ಮೊದಲೇ 'ಹೂಂ' ಎನ್ನುತ್ತಿದ್ದುದರಿಂದ ಹೂಂರಾಯರು. ಕಟ್ಟಡದ ಕೆಳಗೇ ಇರುವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಊರಿಗೆಲ್ಲ ಸ್ಪಷ್ಟವಾಗಿ ಕಾಣುವಂತೆ ಮಾಡುವುದು ವೃತ್ತಿ. ತಮ್ಮ ಮನೆಯಲ್ಲಿ ಓಡಾಡುವಾಗ ಮಾತ್ರ ಯಾರದೋ ಸೂಟ್‌ಕೇಸಿಗೆ ಎಡವುತ್ತಿದ್ದರು. ಅವರ ಹೆಂಡತಿ ಇದನ್ನೆಲ್ಲ ಇಪ್ಪತ್ತು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದರು. ಹೊಟ್ಟೆ ತುಂಬಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಎಲ್ಲ ಶುರುವಾದದ್ದು ಗ್ಯಾಸ್ ಸಿಲಿಂಡರಿನಿಂದ. ಲಿಫ್ಟ್ ಕೆಟ್ಟಿದ್ದ ದಿನ ಹೂಂರಾಯರು ಐದನೇ ಮಹಡಿಯ ಜಾತಕದಮ್ಮನ ಸಿಲಿಂಡರನ್ನು ಹೊತ್ತು ಮೇಲೆ ತಲುಪಿಸಿದರು. ಜಾತಕದಮ್ಮ ಜಾತಕ ನೋಡಿಯೇ ಸಂಸಾರ ಸಾಗಿಸಿದವರು. ಬಿಟ್ಟಿ ಕೆಲಸ ಮಾಡುವುದೂ ಇಲ್ಲ, ಮಾಡಿಸಿಕೊಳ್ಳುವುದೂ ಇಲ್ಲ.

"ಕೂತ್ಕೊಳ್ಳಿ," ಎಂದರು. "ಸಿಲಿಂಡರಿಗೆ ಸಮವಾಗಿ ಒಂದು ಜಾತಕ ಹಾಕಿಕೊಡ್ತೀನಿ. ಹುಟ್ಟಿದ ದಿನ, ಹೊತ್ತು, ಊರು ಹೇಳಿ."

ಹೂಂರಾಯರಿಗೆ ಒಳಗೊಳಗೇ ಆಸೆಯಾಯಿತು. ಕಾರ್ಯದರ್ಶಿಗಳು ತಮ್ಮ ಜಾತಕದಲ್ಲಿ ಸೂರ್ಯ ಸಿಂಹದಲ್ಲಿದ್ದಾನೆಂದು ಪಾರ್ಕಿಂಗ್ ಜಾಗದಲ್ಲಿ ನಿಂತು ಹೇಳಿಕೊಂಡಾಗಿನಿಂದ, ತಮ್ಮಲ್ಲೂ ಒಂದು ಪ್ರಾಣಿ ಇರಬಹುದೇ ಎಂಬ ಅನುಮಾನ ಅವರಿಗಿತ್ತು. ದಿನ ಹೇಳಿದರು, ಊರು ಹೇಳಿದರು. ಹೊತ್ತು "ಬೆಳಿಗ್ಗೆ ಏಳು" ಎಂದರು.

ಜಾತಕದಮ್ಮ ಕಂಪ್ಯೂಟರಿನಲ್ಲಿ ಚಕ್ರ ಬರೆಸಿ ಕಾಗದಕ್ಕೆ ಇಳಿಸಿದರು. ಬಹಳ ಹೊತ್ತು ನೋಡಿದರು. "ಎಲ್ಲಾ ಸಾಧಾರಣ," ಎಂದರು.

"ಹೂಂ," ಎಂದರು ಹೂಂರಾಯರು, ಮುಖ ಸಣ್ಣದಾಗಿ.

"ಒಂದೇ ಒಂದು ವಿಷಯ. ಲಿಲಿತ್ ಲಗ್ನದ ಮೇಲೇ ಕೂತಿದೆ. ಒಂದು ಅಂಶದ ಅಂತರ ಕೂಡ ಇಲ್ಲ."

"ಯಾವ ಗ್ರಹ ಅದು?"

"ಗ್ರಹ ಅಲ್ಲ. ಕಲ್ಲಲ್ಲ, ಮಣ್ಣಲ್ಲ, ದುರ್ಬೀನಿಗೆ ಕಾಣಲ್ಲ. ಚಂದ್ರ ಭೂಮಿಯಿಂದ ಅತಿ ದೂರ ಹೋಗೋ ಬಿಂದು. ಕಪ್ಪು ಚಂದ್ರ ಅಂತಾರೆ. ಹೆಸರು ಕೇಳಿ ಹೆದರಬೇಡಿ. ಹೆಸರಿಗಂಟಿದ ಕಥೆ ಬೇರೆ, ನಾವು ಓದೋದು ಬೇರೆ. ಮನುಷ್ಯ ಎಲ್ಲಿ ಬಗ್ಗಲ್ಲ ಅನ್ನೋದನ್ನ ಅದು ತೋರಿಸುತ್ತೆ. ಲಗ್ನದ ಮೇಲಿದ್ರೆ ಆ ಮೊಂಡುತನ ಮುಖದ ಮೇಲೇ ಕಾಣಬೇಕು." ಜಾತಕದಮ್ಮ ಕನ್ನಡಕದ ಮೇಲಿನಿಂದ ಹೂಂರಾಯರ ಮುಖ ನೋಡಿದರು. ಕಾಣಲಿಲ್ಲ. "ನಿಮ್ಮ ಹೊತ್ತು ಸರಿಯಾಗಿದೆ ತಾನೆ?"

"ಹೂಂ," ಎಂದರು ಹೂಂರಾಯರು. ಆಗಲೇ ಅವರ ಕಿವಿಯಲ್ಲಿ 'ಕಪ್ಪು ಚಂದ್ರ' ಎಂಬುದು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಕೆಳಗಿಳಿಯುತ್ತಲೇ ಫೋನಿನಲ್ಲಿ ಹುಡುಕಿದರು. ಫೋನು ಜಾತಕದಮ್ಮನಷ್ಟು ಸಂಯಮದ ಪ್ರಾಣಿಯಲ್ಲ. ಲಿಲಿತ್ ಎಂದರೆ ರಾಕ್ಷಸರ ತಾಯಿ, ಗಾಳಿಯಲ್ಲಿ ಹಾರುವವಳು, ಅವಳ ನೆರಳು ಬಿದ್ದವನ ಸಹವಾಸ ಕಷ್ಟ ಎಂದು ಅದು ಚಿತ್ರಸಮೇತ ಹೇಳಿತು. ಹೂಂರಾಯರು ಮೂರನೇ ಮಹಡಿಯಲ್ಲಿ ಹೆದರಿದರು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಅವರಿಗೆ ಒಂದು ಬಗೆಯ ಹೆಮ್ಮೆ ಶುರುವಾಗಿತ್ತು. ಕಾರ್ಯದರ್ಶಿಗಳ ಸಿಂಹ ಇದರ ಮುಂದೆ ಯಾವ ಲೆಕ್ಕ?

ಮರುದಿನ ಕ್ಷೌರದ ಅಂಗಡಿಯಲ್ಲಿ ಅದು ಬಾಯಿಗೆ ಬಂತು. ಪಕ್ಕದ ಕುರ್ಚಿಯಲ್ಲಿ ಕಾರ್ಯದರ್ಶಿಗಳು ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕೂತಿದ್ದರು.

"ಜಾತಕ ಹಾಕಿಸಿದ್ರಂತೆ. ಏನಿದೆ ಅದರಲ್ಲಿ?" ಕ್ಷೌರಿಕ ಕೇಳಿದ.

"ಲಗ್ನದಲ್ಲೇ ಲಿಲಿತ್ ಕೂತಿದ್ದಾಳೆ," ಎಂದರು ಹೂಂರಾಯರು, ಆದಷ್ಟೂ ಗಂಭೀರವಾಗಿ.

ಕತ್ತರಿ ನಿಂತಿತು. "ನಿಮ್ಮ ಲಗ್ನ ಆಗಿ ಇಪ್ಪತ್ತು ವರ್ಷ ಆಯ್ತಲ್ಲ ಸ್ವಾಮಿ. ಅವಳು ಬಂದು ಕೂತಿದ್ದು ಈಗ ಗೊತ್ತಾಯ್ತಾ? ಅತ್ತಿಗೆಯವರಿಗೆ ಗೊತ್ತಾ?"

"ಆ ಲಗ್ನ ಅಲ್ಲಯ್ಯ. ಹುಟ್ಟಿದ ಲಗ್ನ. ಅವಳು ಹೆಂಗಸಲ್ಲ. ಕಪ್ಪು ಚಂದ್ರ. ರಾಕ್ಷಸರ ತಾಯಿ."

"ಅಂದ್ರೆ ಹೆಂಗಸೇ."

"ಕಣ್ಣಿಗೆ ಕಾಣಲ್ಲ."

"ಅದು ಇನ್ನೂ ಕೆಟ್ಟದ್ದು," ಎಂದ ಕ್ಷೌರಿಕ.

ಪಕ್ಕದ ನೊರೆಯೊಳಗಿನಿಂದ ಕಾರ್ಯದರ್ಶಿಗಳ ಕಣ್ಣುಗಳೆರಡೂ ದೊಡ್ಡವಾದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಅವರು. ಅರ್ಧ ಮುಖ ಬೋಳಿಸಿದ್ದಂತೆಯೇ ಎದ್ದು ಹೋದರು.

ಸಂಜೆಗೆ ನಾಯಿಯನ್ನು ಕರೆದುಕೊಂಡು ಹೋಗಲು ಬಂದರು. ಬಾಗಿಲ ಹೊರಗೇ ನಿಂತು ಶಿಳ್ಳೆ ಹಾಕಿದರು. ನಾಯಿ ಬರಲು ಒಪ್ಪಲಿಲ್ಲ. ಅದಕ್ಕೆ ಜಾತಕದಲ್ಲಿ ನಂಬಿಕೆ ಇರಲಿಲ್ಲ. ಎಳೆದುಕೊಂಡು ಹೋಗಬೇಕಾಯಿತು. ಆಮೇಲೆ ಬೀಗದ ಕೈಗಳ ಸರದಿ. "ಸುಮ್ಮನೆ ನಿಮಗ್ಯಾಕೆ ತೊಂದರೆ," ಎಂದು ಒಬ್ಬೊಬ್ಬರಾಗಿ ಬಂದು, ಹೂಂರಾಯರ ಬೆರಳಿಗೆ ತಾಗದಂತೆ ಕೈ ಒಡ್ಡಿ ತೆಗೆದುಕೊಂಡರು. ಏಣಿ ಹೋಯಿತು. ಹೂಕುಂಡಗಳು ಹೋದವು. ಸೂಟ್‌ಕೇಸುಗಳು ಹೋದ ಮೇಲೆ ಮನೆಯ ನೆಲ ಹಸಿರು ಬಣ್ಣದ್ದೆಂದು ಹೂಂರಾಯರಿಗೆ ತಿಳಿಯಿತು.

"ಏನ್ರೀ ಇದು? ಎಲ್ಲರಿಗೂ ಒಟ್ಟಿಗೆ ಬುದ್ಧಿ ಬಂತಾ?" ಹೆಂಡತಿ ಕೇಳಿದರು.

"ಲಿಲಿತ್," ಎಂದರು ಹೂಂರಾಯರು, ಅದೊಂದು ಸಾಕೆಂಬಂತೆ.

ಹೆಂಡತಿ ಬರಿದಾದ ನಡುಮನೆಯಲ್ಲಿ ಒಂದು ಸುತ್ತು ನಡೆದರು. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತರು. ಆ ಕುರ್ಚಿಗೆ ಅಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು. "ಯಾರಾದ್ರೂ ಆಗಲಿ, ಪುಣ್ಯಾತ್ಗಿತ್ತಿ," ಎಂದರು.

ಸುಖ ಎಂಬುದು ಹೂಂರಾಯರ ತಲೆಗೇರಲು ಒಂದು ವಾರ ಹಿಡಿಯಿತು. ಅವರು ಬಿಳಿ ಅಂಗಿಯೊಂದನ್ನು ಮನೆಯಲ್ಲೇ ಕಪ್ಪು ಬಣ್ಣದಲ್ಲಿ ಅದ್ದಿದರು. ಅದು ಬೆವರಿಗೆ ಇಳಿದು ಕತ್ತು, ಕೈ, ಮೂಗಿನ ತುದಿ ಎಲ್ಲಕ್ಕೂ ಹತ್ತಿತು. ನೋಡಿದವರು ಬಣ್ಣವೆಂದು ತಿಳಿಯಲಿಲ್ಲ. ಲಿಫ್ಟಿನೊಳಗೆ ಇವರು ಕಾಲಿಟ್ಟರೆ ಉಳಿದವರಿಗೆ ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದೆಂದು ನೆನಪಾಗುತ್ತಿತ್ತು.

ಆದರೆ ಹೆದರಿಕೆ ಎಂಬುದು ಸಾಕಿದವನ ಮಾತನ್ನೇ ಕೇಳುತ್ತದೆಂದು ಯಾರೂ ಹೇಳಿಲ್ಲ. ನೀರಿನ ಪಂಪು ಸುಟ್ಟಿತು. ಹೂಂರಾಯರು ಅದರ ಪಕ್ಕದಲ್ಲಿ ಹಾದುಹೋಗಿದ್ದರು. ಒಂದನೇ ಮಹಡಿಯವರ ಮೊಸರು ಹೆಪ್ಪುಗಟ್ಟಲಿಲ್ಲ. ಮೇಲಿನ ಮನೆ ಇವರದೇ ಆಗಿತ್ತು. ಕೊನೆಗೆ ಒಬ್ಬ ಗಿರಾಕಿ ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಹೋಗಿ, ತನ್ನ ಭಾವಮೈದ ಎಷ್ಟು ವಯಸ್ಸಾದವನಂತೆ ಕಾಣುತ್ತಿದ್ದಾನೆಂದು ಗಾಬರಿಬಿದ್ದು ವಾಪಸು ತಂದ.

ಕನ್ನಡಕದಂಗಡಿಯ ಯಜಮಾನರು ಹೂಂರಾಯರನ್ನು ಒಳಗೆ ಕರೆದರು. "ನೋಡಪ್ಪ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೆ ಗಿರಾಕಿಗಳಿಗಿದೆ. ಕಣ್ಣಿನ ಅಂಗಡೀಲಿ ಕೆಟ್ಟ ಕಣ್ಣು ಇದೆ ಅಂದ್ರೆ ಯಾರು ಬರ್ತಾರೆ? ಭಾನುವಾರ ಸಂಘದ ಸಭೆ ಇದೆ. ನಾನೂ ಬರ್ತೀನಿ. ಅಲ್ಲಿ ಇತ್ಯರ್ಥ ಆಗಲಿ. ಆಗಲಿಲ್ಲ ಅಂದ್ರೆ, ಬೇರೆ ಕಡೆ ಕೆಲಸ ನೋಡ್ಕೊ."

ಹೂಂರಾಯರ ಕತ್ತಿನ ಕಪ್ಪು ಬೆವರಿಗೆ ಇನ್ನಷ್ಟು ಇಳಿಯಿತು. ಲಿಲಿತ್ ಇದ್ದರೆ ಕೆಲಸ ಹೋಗುತ್ತದೆ. ಲಿಲಿತ್ ಹೋದರೆ ಏಣಿ, ನಾಯಿ, ಸೂಟ್‌ಕೇಸುಗಳು ಬರುತ್ತವೆ. ಅತ್ತ ದರಿ, ಇತ್ತ ಪುಲಿ ಎಂದು ಹೇಳಿದವನ ಮನೆಯಲ್ಲಿ ಬಹುಶಃ ಪುಲಿ ಮಾತ್ರ ಇತ್ತು; ಬೇರೆಯವರ ನಾಯಿ ಇರಲಿಲ್ಲ.

ಭಾನುವಾರ ಕೆಳಗಿನ ಸಭಾಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದವು. ನೀರಿನ ಬಾಕಿಯ ಸಭೆಗೆ ಬಾರದವರೂ ಬಂದಿದ್ದರು. ಹೂಂರಾಯರ ಎರಡು ಪಕ್ಕದ ಕುರ್ಚಿಗಳು ಖಾಲಿ. ಒಂದರಲ್ಲಿ ಹೆಂಡತಿ ಕೂತರು, ಇನ್ನೊಂದರಲ್ಲಿ ಹೂಂರಾಯರ ತಾಯಿ. ತಾಯಿ ಮಗಳ ಮನೆಯಲ್ಲಿ ಇರುವವರು. ಮಗನಿಗೆ ಏನೋ ಮೆಟ್ಟಿಕೊಂಡಿದೆ ಎಂಬ ಸುದ್ದಿ ಮುಟ್ಟಿ, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿದ್ದರು.

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. "ವಿಷಯ ಸೂಕ್ಷ್ಮವಾದದ್ದು. ನಮ್ಮ ಕಟ್ಟಡದಲ್ಲಿ ಒಬ್ಬ ರಾಕ್ಷಸಿ ಬಾಡಿಗೆ ಇಲ್ಲದೆ ವಾಸ ಇದ್ದಾಳೆ ಅಂತ ದೂರು ಬಂದಿದೆ. ಜಾತಕದಮ್ಮ, ಇದಕ್ಕೆ ನೀವೇ ಉತ್ತರ ಕೊಡಬೇಕು."

ಜಾತಕದಮ್ಮ ಸಿಟ್ಟಾಗಿದ್ದರು. ಹೊಲಿಗೆಯ ಡಬ್ಬಿ ಹಿಡಿದು ಬಂದಿದ್ದರು. ಸೂಚನಾಫಲಕದ ಮೇಲಿನ ಕಾಗದಗಳನ್ನು ಕಿತ್ತು ಅಲ್ಲಿ ಎರಡು ಗುಂಡುಪಿನ್ನು ಚುಚ್ಚಿದರು. ಗಂಟು ಹಾಕಿದ ದಾರದ ಕುಣಿಕೆಯನ್ನು ಎರಡಕ್ಕೂ ಸೇರಿಸಿ ಹಾಕಿ, ಪೆನ್ಸಿಲಿನಿಂದ ದಾರವನ್ನು ಬಿಗಿಯಾಗಿ ಎಳೆದುಕೊಂಡು ಸುತ್ತಲೂ ಗೆರೆ ಬರೆದರು. ಮೊಟ್ಟೆಯಂಥ ಉದ್ದುರುಟು ಆಕಾರ ಮೂಡಿತು.

"ಇದು ಚಂದ್ರನ ದಾರಿ. ಚೆನ್ನಾಗಿ ಕಾಣಲಿ ಅಂತ ಜಾಸ್ತಿನೇ ಎಳೆದಿದ್ದೀನಿ, ನಿಜವಾದ್ದು ಇಷ್ಟು ಉದ್ದ ಇಲ್ಲ. ಈ ಪಿನ್ನು ನಾವು, ಭೂಮಿ. ಭೂಮಿ ನಡುವೆ ಇಲ್ಲ, ಒಂದು ಪಕ್ಕಕ್ಕಿದೆ. ಅದಕ್ಕೇ ಚಂದ್ರ ಒಂದು ಕಡೆ ಹತ್ತಿರ ಬರುತ್ತೆ, ಇನ್ನೊಂದು ಕಡೆ ದೂರ ಹೋಗುತ್ತೆ. ಅತಿ ದೂರದ ಈ ತುದಿ ಇದೆಯಲ್ಲ, ಆ ದಿಕ್ಕಿಗೆ ಲಿಲಿತ್ ಅಂತ ಹೆಸರು. ಕೆಲವರು ಈ ಎರಡನೇ ಪಿನ್ನಿಗೆ ಆ ಹೆಸರು ಕೊಡ್ತಾರೆ. ಇಲ್ಲಿಂದ ನೋಡಿದ್ರೆ ಎರಡೂ ಒಂದೇ ದಿಕ್ಕು."

"ಆ ಎರಡನೇ ಪಿನ್ನಲ್ಲಿ ಏನಿದೆ?" ಕಾರ್ಯದರ್ಶಿಗಳು ಕೇಳಿದರು.

"ಏನೂ ಇಲ್ಲ. ಖಾಲಿ."

"ಹಾಗಾದ್ರೆ ಪಂಪು ಸುಟ್ಟಿದ್ದು ಯಾರು?"

"ಪಂಪಿಗೆ ಎಣ್ಣೆ ಹಾಕಿಸಬೇಕಾದವರು. ನಿಮ್ಮ ಹೆಸರೇ ಬರೆದಿದೆ ಅದರ ಮೇಲೆ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕಾರ್ಯದರ್ಶಿಗಳು ಸೋಲುವವರಲ್ಲ. ಫೋನು ಹೊರತೆಗೆದರು. "ನಾನೂ ತನಿಖೆ ಮಾಡಿದ್ದೀನಿ. ಇವರ ಹುಟ್ಟಿದ ದಿನ, ಹೊತ್ತು ಹಾಕಿ ನೋಡಿದ್ರೆ, ನನ್ನ ಫೋನಲ್ಲಿ ಲಿಲಿತ್ ಹನ್ನೆರಡನೇ ಮನೇಲಿದೆ. ನೀವು ಒಂದನೇ ಮನೆ ಅಂತೀರ. ಅಂದ್ರೆ ಅದು ಅಡ್ಡಾಡ್ತಾ ಇದೆ."

"ಫೋನು ತೋರಿಸಿ." ಜಾತಕದಮ್ಮ ನೋಡಿ ತಲೆ ಅಲ್ಲಾಡಿಸಿದರು. "ನೀವು 'ನಿಜ' ಅನ್ನೋದನ್ನ ಒತ್ತಿದ್ದೀರ. ನಾನು 'ಸರಾಸರಿ' ಬಳಸ್ತೀನಿ. ಸೂರ್ಯ ಎಳೆಯೋದ್ರಿಂದ ಈ ದೂರದ ತುದಿ ತೊನೆದಾಡುತ್ತೆ. ಮುಂದೆ ಹೋಗುತ್ತೆ, ಹಿಂದೆ ಬರುತ್ತೆ. ಆ ತೊನೆದಾಟ ಕಳೆದು ಒಂದೇ ನಡಿಗೆಯಲ್ಲಿ ಲೆಕ್ಕ ಹಾಕಿದ್ರೆ ಸರಾಸರಿ. ಎರಡರ ನಡುವೆ ಕೆಲವು ಸಲ ಒಂದು ಇಡೀ ರಾಶಿಯಷ್ಟೇ ವ್ಯತ್ಯಾಸ ಬರುತ್ತೆ. 'ನಿಜ' ಅನ್ನೋದು ಬರೀ ಹೆಸರು, ಅದೂ ಲೆಕ್ಕವೇ. ಯಾವುದನ್ನ ಹಿಡಿಯಬೇಕು ಅಂತ ನಮ್ಮವರಲ್ಲೇ ಇನ್ನೂ ಜಗಳ ಇದೆ. ಸಾಲದ್ದಕ್ಕೆ ಇದೇ ಹೆಸರಿನ ಒಂದು ಸಣ್ಣ ಕಲ್ಲಿನ ಗ್ರಹಾನೂ ಇದೆ, ಅದು ಬೇರೆ."

"ಅಂದ್ರೆ ಮೂರು ಜನ ಇದ್ದಾರೆ," ಎಂದು ಒಂದನೇ ಮಹಡಿಯ ಮೊಸರಿನವರು ಪಿಸುಗುಟ್ಟಿದರು.

"ಮೂರಲ್ಲ, ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದಿದೆ," ಎಂದರು ಜಾತಕದಮ್ಮ.

ಎಲ್ಲರೂ ತಂತಮ್ಮ ಎಡಬಲ ನೋಡಿಕೊಂಡರು.

"ಹುಟ್ಟಿದ ಪ್ರತಿಯೊಬ್ಬರ ಜಾತಕದಲ್ಲೂ ಎಲ್ಲೋ ಒಂದು ಕಡೆ ಅದು ಇರಲೇಬೇಕು. ಹನ್ನೆರಡು ರಾಶಿ ಸುತ್ತೋಕೆ ಹೆಚ್ಚುಕಡಿಮೆ ಒಂಬತ್ತು ವರ್ಷ, ಒಂದೊಂದು ರಾಶಿಯಲ್ಲಿ ಒಂಬತ್ತು ತಿಂಗಳು. ಆ ಒಂಬತ್ತು ತಿಂಗಳಲ್ಲಿ ಹುಟ್ಟಿದವರಿಗೆಲ್ಲ ಒಂದೇ ರಾಶಿ. ಕಾರ್ಯದರ್ಶಿಗಳೇ, ನಿಮ್ಮ ಜಾತಕ ನಾನೇ ಹಾಕಿದ್ದು. ನಿಮ್ಮದು ಸೂರ್ಯನ ಪಕ್ಕದಲ್ಲೇ ಇದೆ. ಸಿಂಹ ನೋಡಿ ಖುಷಿಪಟ್ರಿ, ಪಕ್ಕದಲ್ಲಿರೋದನ್ನ ನಾನು ಹೇಳೋಕೆ ಹೋಗಲಿಲ್ಲ."

ಕಾರ್ಯದರ್ಶಿಗಳ ಪಕ್ಕದ ಕುರ್ಚಿಯವರು ತಮ್ಮ ಕುರ್ಚಿಯನ್ನು ಸದ್ದಾಗದಂತೆ ಸರಿಸಿಕೊಂಡರು. ಪ್ಲಾಸ್ಟಿಕ್ ಕುರ್ಚಿ, ಸದ್ದಾಯಿತು.

"ಯಾಕೆ ಹೇಳಲಿಲ್ಲ?" ಎಂದರು ಕಾರ್ಯದರ್ಶಿಗಳು, ಸ್ವರ ಇಳಿದು.

"ಹೇಳಿದ್ರೆ ಹೀಗೇ ಆಗುತ್ತೆ ಅಂತ. ಪರದೇಶದ ಹಳೇ ಕಥೆಯಲ್ಲಿ ಲಿಲಿತ್ ಅನ್ನೋವಳು ಮೊದಲ ಗಂಡಸಿನ ಮೊದಲ ಹೆಂಡತಿ. ಇಬ್ಬರನ್ನೂ ಒಂದೇ ಮಣ್ಣಿಂದ ಮಾಡಿದ್ದು, ನಾನ್ಯಾಕೆ ನಿನಗಿಂತ ಕೆಳಗಿರಬೇಕು ಅಂದಳು. ಅವನು ಒಪ್ಪಲಿಲ್ಲ. ಎದ್ದು ಹೋದಳು. ಹೋದವಳನ್ನ ಉಳಿದವರು ರಾಕ್ಷಸಿ ಅಂದ್ರು. ಜ್ಯೋತಿಷಿಗಳು ಆ ಹೆಸರನ್ನ ಈ ಬಿಂದುವಿಗೆ ಇಟ್ಟಿದ್ದು ಈಚೆಗೆ. ಕೆಟ್ಟದ್ದು ಮಾಡುತ್ತೆ ಅಂತ ಓದೋರು ಇದ್ದಾರೆ, ಅದರಿಂದ ವ್ಯಾಪಾರ ಚೆನ್ನಾಗಿ ಆಗುತ್ತೆ. ನಾನು ಹಾಗೆ ಓದಲ್ಲ. ಎಲ್ಲಿ ನಾವು ತಲೆಬಾಗೋಕೆ ಆಗಲ್ಲವೋ, ಬಾಗಿದ್ರೆ ಒಳಗೇ ಕುದೀತೀವೋ, ಅದು ಅಲ್ಲಿದೆ. ಅದೂ ಲಗ್ನಕ್ಕೋ, ಸೂರ್ಯನಿಗೋ, ಚಂದ್ರನಿಗೋ ತೀರಾ ಹತ್ತಿರ ಇದ್ರೆ ಮಾತ್ರ ಬಾಯಿ ಬಿಡ್ತೀನಿ. ಇಲ್ಲದಿದ್ರೆ ಸುಮ್ಮನಿರ್ತೀನಿ."

ಕನ್ನಡಕದಂಗಡಿ ಯಜಮಾನರು ಎದ್ದರು. "ಅಂದ್ರೆ ಇವನ ಕಣ್ಣಲ್ಲಿ ಏನೂ ದೋಷ ಇಲ್ಲ?"

"ಕನ್ನಡಕ ಬೇಕಾಗಬಹುದು. ಅದು ನಿಮ್ಮ ಇಲಾಖೆ." ಜಾತಕದಮ್ಮ ಹೂಂರಾಯರ ಜಾತಕ ಬಿಡಿಸಿದರು. "ಆದ್ರೂ ನನಗೆ ಒಂದು ಅರ್ಥ ಆಗ್ತಿಲ್ಲ. ಬೆಳಿಗ್ಗೆ ಏಳಕ್ಕೆ ಹುಟ್ಟಿದವರು, ಲಗ್ನದ ಮೇಲೆ ಲಿಲಿತ್. ಇಂಥವರು ಯಾರ ಮಾತೂ ಕೇಳಬಾರದು. ಇವರು ಎಲ್ಲರ ಮಾತೂ ಕೇಳ್ತಾರೆ."

ಅಲ್ಲಿಯವರೆಗೆ ತೂಕಡಿಸುತ್ತಿದ್ದ ತಾಯಿ ಕಣ್ಣು ಬಿಟ್ಟರು. "ಯಾರು ಬೆಳಿಗ್ಗೆ ಏಳಕ್ಕೆ ಹುಟ್ಟಿದ್ದು?"

"ನಾನು," ಎಂದರು ಹೂಂರಾಯರು.

"ನೀನಾ? ಬೆಳಿಗ್ಗೆ ಹುಟ್ಟಿದ್ದು ನಿಮ್ಮಕ್ಕ. ನೀನು ಸಂಜೆ ಏಳಕ್ಕೆ. ದಾದಿ ದೀಪ ಹಾಕೋಕೆ ಹೋದವಳು ಕರೆಂಟ್ ಇಲ್ಲ ಅಂತ ಬೈಕೊಂಡು ಬಂದಳು, ಅಷ್ಟರಲ್ಲಿ ಹುಟ್ಟಿದೆ. ಬೆಳಿಗ್ಗೆಯಿಂದ ಕಾಯಿಸಿದ್ದೆ. ನಿನಗೆ ಆಗಲೂ ಬರ್ತೀನಿ, ಬರಲ್ಲ ಅಂತ ಹೇಳೋಕೆ ಬರಲಿಲ್ಲ."

ಜಾತಕದಮ್ಮ ಮುಖ ಮುಚ್ಚಿಕೊಂಡರು. ಆಮೇಲೆ ನಗಲು ಶುರು ಮಾಡಿದರು. "ನನ್ನದೇ ತಪ್ಪು. ಕೇಳಿದೆ, 'ಹೂಂ' ಅಂದ್ರು, ನಂಬಿದೆ. ಇವರು ಯಾವುದಕ್ಕೆ 'ಹೂಂ' ಅಂದಿಲ್ಲ?" ಎನ್ನುತ್ತಾ ಕಾಗದವನ್ನು ತಲೆಕೆಳಗು ಮಾಡಿ ಹಿಡಿದರು. "ಹೊತ್ತಿನ ಜೊತೆ ಓಡೋದು ಲಗ್ನ. ಎರಡು ಗಂಟೆಗೆ ಒಂದು ರಾಶಿ ದಾಟುತ್ತೆ. ಹನ್ನೆರಡು ಗಂಟೆ ಅಂದ್ರೆ ಹೆಚ್ಚುಕಡಿಮೆ ಎದುರು ತುದಿಗೇ ಹೋಯ್ತು. ಲಿಲಿತ್ ಅಷ್ಟು ಹೊತ್ತಲ್ಲಿ ಒಂದು ಕೂದಲೆಳೆಯಷ್ಟು ಸರಿದಿರಬಹುದು, ಅದು ಇದ್ದ ರಾಶಿಯಲ್ಲೇ ಇದೆ. ಆದ್ರೆ ಮನೆ ಬದಲಾಯ್ತು. ಒಂದನೇ ಮನೆ ಅಲ್ಲ ಇದು. ಏಳನೇ ಮನೆ."

"ಏಳನೇ ಮನೆ ನಮ್ಮದು," ಎಂದು ಕಾರ್ಯದರ್ಶಿಗಳು ಕುರ್ಚಿಯಿಂದ ಎದ್ದೇಬಿಟ್ಟರು.

"ಕಟ್ಟಡದ ಏಳನೇ ಮನೆ ಅಲ್ಲ, ಕೂತ್ಕೊಳ್ಳಿ. ಜಾತಕದ್ದು. ಕಳತ್ರಸ್ಥಾನ. ಹೆಂಡತಿಯ ಮನೆ."

ಆಗ ನಡೆದದ್ದನ್ನು ವಿವರಿಸುವುದು ಕಷ್ಟ. ಯಾರೂ ಯಾರಿಗೂ ಹೇಳಲಿಲ್ಲ, ಆದರೂ ಇಡೀ ಕೋಣೆ ಒಂದೇ ಕತ್ತಿನಂತೆ ತಿರುಗಿ ಹೂಂರಾಯರ ಹೆಂಡತಿಯನ್ನು ನೋಡಿತು. ಮುಂದಿನ ಸಾಲು ಹಿಂದೆ ಸರಿಯಿತು; ಹಿಂದಿನ ಸಾಲು ಗೋಡೆಗೆ ಒರಗಿತು. ಹೂಂರಾಯರು ಕೂಡ, ಹೇಳಲು ನಾಚಿಕೆಯಾಗುತ್ತದೆ, ಕುರ್ಚಿಯನ್ನು ತಾಯಿಯ ಕಡೆ ಒಂದು ಗೇಣು ಸರಿಸಿದರು.

ಹೆಂಡತಿ ಅದನ್ನು ನೋಡಿದರು.

"ಇವರ ಜಾತಕದಲ್ಲಿ ನನ್ನ ಚಾಡಿ ಯಾಕಿದೆ?" ಎಂದು ಜಾತಕದಮ್ಮನನ್ನು ಕೇಳಿದರು.

"ನಿಮ್ಮ ಬಗ್ಗೆ ಅಲ್ಲಮ್ಮ. ನಿಮ್ಮದು ನಿಮ್ಮ ಜಾತಕದಲ್ಲಿರುತ್ತೆ. ಇದು ಇವರದ್ದೇ. ಆದ್ರೆ ಏಳನೇ ಮನೇಲಿದ್ರೆ ಮನುಷ್ಯ ಅದನ್ನ ತನ್ನದು ಅಂತ ಒಪ್ಪಲ್ಲ. ತಾನು ಹೇಳಬೇಕಾದ 'ಇಲ್ಲ' ಎದುರಿಗಿರೋರ ಬಾಯಿಂದ ಬರಲಿ ಅಂತ ಕಾಯ್ತಾನೆ. ತನ್ನ ಸಿಟ್ಟನ್ನ ಹೆಂಡತಿಯೇ ಮಾಡ್ಕೊಳ್ಳಲಿ ಅಂತ ಬಿಡ್ತಾನೆ. ಆಮೇಲೆ 'ನನಗೇನೂ ಇಲ್ಲ, ಮನೆಯವಳು ಒಪ್ಪಲ್ಲ' ಅಂತಾನೆ. ಊರವರು ಹೆಂಡತಿನ ಕೆಟ್ಟವಳು ಅಂತಾರೆ."

ಹೆಂಡತಿ ಎದ್ದು ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

"ಹಾಗಿದ್ರೆ ನನ್ನ ಪಾಲಿನದನ್ನ ಈಗಲೇ ಹೇಳಿಬಿಡ್ತೀನಿ. ಇವರ ಜಾಗದಲ್ಲಿ ಇನ್ಮೇಲೆ ನಾನು 'ಇಲ್ಲ' ಅನ್ನಲ್ಲ. 'ಹೂಂ' ಕೂಡ ಅನ್ನಲ್ಲ. ಏನು ಬೇಕೋ ಇವರನ್ನೇ ಕೇಳಿ." ಗಂಡನ ಕಡೆ ತಿರುಗಿದರು. "ನೀವು ನನ್ನ ಮುಖ ನೋಡಬಾರದು."

ತಾಯಿ ಸೊಸೆಯ ಕೈ ಹಿಡಿದುಕೊಂಡರು. "ಇದನ್ನ ನೀನು ಮದುವೆಯಾದ ವರ್ಷಾನೇ ಹೇಳಬೇಕಿತ್ತು ಕಣೆ. ನಾನೂ ಇವನಪ್ಪನಿಗೆ ಹೇಳಲಿಲ್ಲ."

ಸಭೆ ಮುಗಿದ ಮೇಲೆ ಜಾತಕದಮ್ಮನ ಸುತ್ತ ಜನ ಮುತ್ತಿಕೊಂಡರು. ಪ್ರತಿಯೊಬ್ಬರಿಗೂ ತಮ್ಮ ಲಿಲಿತ್ ಎಲ್ಲಿದ್ದಾಳೆಂದು ತಿಳಿಯಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯವರದು ಎಲ್ಲಿದೆಯೆಂದು. ಹೂಂರಾಯರ ಕೆಲಸ ಉಳಿಯಿತು. ಕನ್ನಡಕದಂಗಡಿ ಯಜಮಾನರು, ಕಪ್ಪು ಅಂಗಿ ಮಾತ್ರ ಅಂಗಡಿಗೆ ಬೇಡ ಎಂದು ಹೇಳಿ ಹೋದರು.

ಎರಡು ದಿನವಾದ ಮೇಲೆ ಕಾರ್ಯದರ್ಶಿಗಳು ಹೂಂರಾಯರ ಬಾಗಿಲು ತಟ್ಟಿದರು. ಹೆಂಡತಿ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಏಳಲಿಲ್ಲ.

"ನಾಳೆ ನನ್ನ ಕಾರಿನ ಕಾಗದ ನವೀಕರಣ ಇದೆ," ಎಂದರು ಕಾರ್ಯದರ್ಶಿಗಳು. "ಕಚೇರೀಲಿ ದೊಡ್ಡ ಸಾಲು. ಬೆಳಿಗ್ಗೆ ಬೇಗ ಹೋಗಿ ನನಗೊಂದು ಜಾಗ ಹಿಡಿದು ನಿಂತಿದ್ರೆ, ನಾನು ತಿಂಡಿ ಮುಗಿಸಿ ಬಂದುಬಿಡ್ತೀನಿ."

ಹೂಂರಾಯರ ತುಟಿ ತಾನಾಗಿಯೇ ಮುಚ್ಚಿಕೊಂಡು, 'ಹೂಂ' ಎಂಬುದಕ್ಕೆ ಬೇಕಾದ ಆಕಾರ ತಾಳಿತು. ಕತ್ತು ಹೆಂಡತಿಯ ಕಡೆ ತಿರುಗಲು ಹೊರಟಿತು, ಬಲವಂತವಾಗಿ ನಿಲ್ಲಿಸಿದರು. ಹಿಂದಿನ ಎರಡು ದಿನ ಇಂಥ ಗಳಿಗೆಗೆಂದೇ ಅವರು ಮೂರು ಕಾರಣಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದರು: ಸೊಂಟನೋವು, ಅಂಗಡಿಯಲ್ಲಿ ತುರ್ತು ಕೆಲಸ, ದೂರದ ನೆಂಟರೊಬ್ಬರ ಕಾಯಿಲೆ. ಮೂರನ್ನೂ ಕಂಠಪಾಠ ಮಾಡಿದ್ದರು.

"ಆಗಲ್ಲ," ಎಂದರು.

ಆಕಾಶ ಬೀಳಲಿಲ್ಲ. ಲಿಫ್ಟು ಸಹ ಎಂದಿನಂತೆ ಓಡುತ್ತಿತ್ತು.

"ಓ. ಸರಿ ಬಿಡಿ," ಎಂದರು ಕಾರ್ಯದರ್ಶಿಗಳು. "ಬೇರೆ ಯಾರನ್ನಾದ್ರೂ ಕೇಳ್ತೀನಿ." ತಿರುಗಿ ಹೊರಟೇ ಹೋದರು.

ಹೂಂರಾಯರು ಬಾಗಿಲಲ್ಲೇ ನಿಂತರು. ಇಷ್ಟೇನಾ? ಇಪ್ಪತ್ತು ವರ್ಷ ಹೊತ್ತ ಸಿಲಿಂಡರುಗಳು, ಏಣಿಗಳು, ಸಾಕಿದ ನಾಯಿ, ಎಲ್ಲದರ ಎದುರಿಗೆ ಇದ್ದದ್ದು ಈ 'ಸರಿ ಬಿಡಿ' ಒಂದೇನಾ? ಅವರಿಗೆ ಸ್ವಲ್ಪ ಅವಮಾನವೇ ಆಯಿತು. ಮೆಟ್ಟಿಲಿನವರೆಗೆ ಓಡಿ ಬಗ್ಗಿ ಕೂಗಿದರು.

"ಯಾಕೆ ಆಗಲ್ಲ ಅಂತ ಕೇಳಲ್ವಾ?"

"ಬೇಡ ಬಿಡಿ," ಎಂದು ಕೆಳಗಿನಿಂದ ದನಿ ಬಂತು.

ಹೂಂರಾಯರು ಒಳಗೆ ಬಂದು ಹೆಂಡತಿಯ ಎದುರು ನೆಲದ ಮೇಲೆ ಕೂತರು. ಒಂದು ಹಿಡಿ ಬಟಾಣಿ ಎಳೆದುಕೊಂಡು, ಸೊಂಟನೋವಿನಿಂದ ಶುರುಮಾಡಿ ಮೂರು ಕಾರಣಗಳನ್ನೂ ಬಿಡದೆ ಅವರಿಗೇ ಹೇಳಿದರು. ಹೆಂಡತಿ ಬಟಾಣಿ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡು, ಎರಡನೆಯದು ಚೆನ್ನಾಗಿದೆ ಎಂದರು.